ಒಂದು ಕಂಪ್ಯೂಟರ್, ಎರಡು ಆಂಟಿವೈರಸ್: ತಪ್ಪು ಕಲ್ಪನೆ ಮತ್ತು ವಾಸ್ತವ

ಹುಬ್ಬಳ್ಳಿಯ ಅಮರಗೋಳ ಎಪಿಎಂಸಿಯ ದಲಾಲಿ ಅಂಗಡಿಯಾಗಲಿ, ಧಾರವಾಡದಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಕಡೆಯ ಝೆರಾಕ್ಸ್, ಡಿಟಿಪಿ ಅಂಗಡಿಯಾಗಲಿ, ಕಂಪ್ಯೂಟರಿನ ಬಗ್ಗೆ ಕೇಳಿಬರುವ ದೂರು ಬಹುತೇಕ ಒಂದೇ. ಬೆಳಿಗ್ಗೆ ಚಾಲೂ ಮಾಡಿದರೆ ಚಹಾ ಕುಡಿದು ಬಂದರೂ ಎದ್ದಿರುವುದಿಲ್ಲ. ಟ್ಯಾಲಿ ತೆರೆದುಕೊಳ್ಳಲು ಹೊತ್ತು ಹಿಡಿಯುತ್ತದೆ. ಟೈಪ್ ಮಾಡಿದ ಅಕ್ಷರ ಒಂದು ಗಳಿಗೆ ಬಿಟ್ಟು ಮೂಡುತ್ತದೆ. ಇದಕ್ಕೆ ಕಾರಣ ಹಲವು ಇರಬಹುದು. ಅವುಗಳಲ್ಲಿ ಒಂದನ್ನು ಮಾತ್ರ ನಾವು ಭದ್ರತೆ ಎಂದು ತಿಳಿದು ದುಡ್ಡು ಕೊಟ್ಟು ತಂದುಕೊಂಡಿರುತ್ತೇವೆ. ಅದು ಒಂದೇ ಕಂಪ್ಯೂಟರಿನಲ್ಲಿ ಕೂತ ಎರಡು ಆಂಟಿವೈರಸ್.

ಬೇಕೆಂದೇ ಎರಡು ಹಾಕಿಸುವವರು ಕಡಿಮೆ. ಅವು ತಾವಾಗಿ ಕೂಡಿಕೊಳ್ಳುತ್ತವೆ. ಮಾತಿಗೆ ಒಂದು ದಲಾಲಿ ಅಂಗಡಿಯ ಲ್ಯಾಪ್‌ಟಾಪ್ ಎಂದುಕೊಳ್ಳೋಣ: 4 ಜಿಬಿ ರ‍್ಯಾಮ್, ತಿರುಗುವ ಹಳೆಯ ಮಾದರಿಯ ಹಾರ್ಡ್ ಡಿಸ್ಕ್, ವಿಂಡೋಸ್. ಕೊಂಡಾಗಲೇ ಅದರಲ್ಲಿ ಒಂದು ಕಂಪನಿಯ ಆಂಟಿವೈರಸ್ ಕೆಲವು ದಿನಗಳ ಟ್ರಯಲ್ ಆಗಿ ಬಂದಿತ್ತು. ಮಾರಿದ ಅಂಗಡಿಯವರು ಒಂದು ವರ್ಷದ ಲೈಸೆನ್ಸ್ ಇರುವ ಇನ್ನೊಂದು ಕಂಪನಿಯ ಡಬ್ಬಿ ಕೊಟ್ಟು ಅದನ್ನೂ ಹಾಕಿದರು. ವಿಂಡೋಸ್‌ನದೇ ಆದ ಡಿಫೆಂಡರ್ ಒಳಗೆ ಇದ್ದೇ ಇದೆ. ಅಂಗಡಿಯ ಗುಮಾಸ್ತನಿಗೆ ಇದಾವುದೂ ಗೊತ್ತಿಲ್ಲ. ಗಡಿಯಾರದ ಪಕ್ಕ ಎರಡು ಚಿಹ್ನೆ ಕಾಣುತ್ತವೆ, ಅಷ್ಟೇ. ಈ ಲ್ಯಾಪ್‌ಟಾಪ್ ಮುಂದಿಟ್ಟುಕೊಂಡೇ ಒಂದೊಂದು ನಂಬಿಕೆಯನ್ನು ನೋಡೋಣ. ಇವುಗಳಲ್ಲಿ ಹಲವನ್ನು ನಾವೂ ಬಹಳ ಕಾಲ ನಂಬಿದ್ದೆವು.

ತಪ್ಪು ಕಲ್ಪನೆ: ಬಾಗಿಲಿಗೆ ಎರಡು ಬೀಗ ಹಾಕಿದರೆ ಭದ್ರತೆ ಹೆಚ್ಚುವಂತೆ, ಎರಡು ಆಂಟಿವೈರಸ್ ಇದ್ದರೆ ರಕ್ಷಣೆಯೂ ಇಮ್ಮಡಿ, ಒಂದರ ಕಣ್ಣು ತಪ್ಪಿದ್ದು ಇನ್ನೊಂದಕ್ಕೆ ಸಿಗುತ್ತದೆ.

ವಾಸ್ತವ: ಕೇಳಲು ಸರಿಯಾಗಿದೆ. ಆದರೆ ಬೀಗಗಳು ಒಂದನ್ನೊಂದು ತಡೆಯುವುದಿಲ್ಲ, ಆಂಟಿವೈರಸ್‌ಗಳು ತಡೆಯುತ್ತವೆ. ಏಕೆಂದು ತಿಳಿಯಲು ಅವು ಕೂತಿರುವ ಜಾಗವನ್ನು ನೋಡಬೇಕು.

ಆಂಟಿವೈರಸ್ ಎಂದರೆ ನಾವು ಪರದೆಯ ಮೇಲೆ ಕಾಣುವ ಹಸಿರು ಗುರುತಿನ ಕಿಟಕಿ ಅಲ್ಲ. ಅದರ ನಿಜವಾದ ಕೆಲಸಗಾರ ಒಂದು ಸಣ್ಣ ಡ್ರೈವರ್. ಅದು ವಿಂಡೋಸ್‌ನ ಒಳತಿರುಳಿನಲ್ಲಿ, ಫೈಲುಗಳು ಡಿಸ್ಕಿಗೆ ಹೋಗಿಬರುವ ದಾರಿಯ ಮೇಲೆಯೇ ಕೂತಿರುತ್ತದೆ. ಟ್ಯಾಲಿ ಒಂದು ಫೈಲ್ ತೆರೆಯಲು ಕೇಳಿದಾಗ ಆ ಕೋರಿಕೆ ನೇರವಾಗಿ ಡಿಸ್ಕಿಗೆ ಹೋಗುವುದಿಲ್ಲ. ಮೊದಲು ಈ ಡ್ರೈವರ್ ಅದನ್ನು ಹಿಡಿದು ನಿಲ್ಲಿಸುತ್ತದೆ, ಫೈಲನ್ನು ಪರೀಕ್ಷಿಸುತ್ತದೆ, ತೊಂದರೆ ಇಲ್ಲವೆಂದಾದರೆ ಬಿಡುತ್ತದೆ. ಇಂಥ ಎರಡು ಡ್ರೈವರ್ ಇದ್ದರೆ ಮೇಲಿನದು ಬಿಟ್ಟ ಮೇಲೆ ಕೆಳಗಿನದು ಮತ್ತೆ ಹಿಡಿಯುತ್ತದೆ.

ಇಷ್ಟೇ ಆಗಿದ್ದರೆ ಹೊತ್ತು ಎರಡು ಪಟ್ಟಾಗಿ ಮುಗಿಯುತ್ತಿತ್ತು. ನಿಜವಾದ ತೊಡಕು ಮುಂದಿದೆ. ಮೊದಲನೆಯ ಆಂಟಿವೈರಸ್ ಪರೀಕ್ಷೆಗಾಗಿ ಫೈಲನ್ನು ತಾನೂ ಓದಬೇಕಲ್ಲ? ಆ ಓದುವಿಕೆಯೇ ಎರಡನೆಯದರ ಕಣ್ಣಿಗೆ ಒಂದು ಹೊಸ ಪ್ರೋಗ್ರಾಮ್ ಫೈಲ್ ತೆರೆದಂತೆ ಕಾಣುತ್ತದೆ. ಅದು ಆ ಓದನ್ನೂ ತಡೆದು ತನ್ನ ಪರೀಕ್ಷೆ ನಡೆಸುತ್ತದೆ. ಪ್ರತಿ ಆಂಟಿವೈರಸ್ ತನ್ನ ಸ್ವಂತ ಕೆಲಸವನ್ನು ತಾನು ಗುರುತಿಸುತ್ತದೆ. ಇನ್ನೊಂದು ಕಂಪನಿಯದನ್ನು ಗುರುತಿಸಿ ದಾರಿ ಬಿಡಬೇಕೆಂಬ ಒಪ್ಪಂದ ಅವುಗಳ ನಡುವೆ ಇಲ್ಲ. ಎಕ್ಸೆಲ್‌ನಲ್ಲಿ ಒಮ್ಮೆ ಸೇವ್ ಒತ್ತಿದರೆ ಒಳಗೆ ತಾತ್ಕಾಲಿಕ ಫೈಲ್ ಹುಟ್ಟುತ್ತದೆ, ಅದಕ್ಕೆ ಬರೆಯಲಾಗುತ್ತದೆ, ಅದರ ಹೆಸರು ಬದಲಾಗುತ್ತದೆ, ಹಳೆಯದು ಅಳಿಯುತ್ತದೆ. ಈ ಒಂದೊಂದು ಹೆಜ್ಜೆಯಲ್ಲೂ ಇದೇ ಎಳೆದಾಟ.

ಖರೇ ವೈರಸ್ ಬಂದಾಗ ಪರಿಸ್ಥಿತಿ ಇನ್ನೂ ಕೆಡುತ್ತದೆ. ಒಂದು ಆಂಟಿವೈರಸ್ ಸೋಂಕಿನ ಫೈಲನ್ನು ಹಿಡಿದು ಪ್ರತ್ಯೇಕಿಸಲು ನೋಡುತ್ತದೆ. ಅದೇ ಹೊತ್ತಿಗೆ ಇನ್ನೊಂದು ಆ ಫೈಲನ್ನು ಪರೀಕ್ಷೆಗೆಂದು ತೆರೆದಿಟ್ಟಿರುತ್ತದೆ. ಬೇರೊಬ್ಬರು ತೆರೆದಿಟ್ಟ ಫೈಲನ್ನು ಅಳಿಸಲು ವಿಂಡೋಸ್ ಸಾಮಾನ್ಯವಾಗಿ ಬಿಡುವುದಿಲ್ಲ. ಆಗ ಒಂದೇ ಎಚ್ಚರಿಕೆ ಮತ್ತೆ ಮತ್ತೆ ಬರುತ್ತದೆ, ಫೈಲ್ ಮಾತ್ರ ಇದ್ದಲ್ಲೇ ಇರುತ್ತದೆ. ಇಮ್ಮಡಿ ರಕ್ಷಣೆ ಬೇಕೆಂದು ಹೋಗಿ ಒಂದರ ರಕ್ಷಣೆಗೂ ಕುತ್ತು ತಂದುಕೊಂಡಂತಾಯಿತು.

ಈ ಮಟ್ಟದಲ್ಲಿ ಕೂತ ತಂತ್ರಾಂಶ ಎಡವಿದರೆ ಇಡೀ ವಿಂಡೋಸ್ ಬೀಳುತ್ತದೆ ಎಂಬುದನ್ನು ಜಗತ್ತು 2024ರ ಜುಲೈ 19ರಂದು ನೋಡಿತು. ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಕಂಪನಿ ಕಳಿಸಿದ ಒಂದೇ ದೋಷಪೂರಿತ ಅಪ್‌ಡೇಟ್‌ನಿಂದ ಸುಮಾರು 85 ಲಕ್ಷ ಕಂಪ್ಯೂಟರ್‌ಗಳು ನೀಲಿ ಪರದೆ ತೋರಿಸಿ ನಿಂತವು ಎಂದು ಮೈಕ್ರೋಸಾಫ್ಟ್ ಅಂದಾಜು ಮಾಡಿತು. ನಮ್ಮ ದೇಶದ ವಿಮಾನ ನಿಲ್ದಾಣಗಳಲ್ಲಿ ಕೈಬರಹದ ಬೋರ್ಡಿಂಗ್ ಪಾಸ್ ಕೊಟ್ಟದ್ದು ಆ ದಿನವೇ. ಅಲ್ಲಿ ಇದ್ದದ್ದು ಎರಡು ಆಂಟಿವೈರಸ್‌ಗಳ ಜಗಳವಲ್ಲ, ಒಂದರದೇ ತಪ್ಪು. ಒಂದರಿಂದಲೇ ಅಷ್ಟಾಗುವ ಜಾಗದಲ್ಲಿ, ಒಂದರ ಪರಿಚಯ ಇನ್ನೊಂದಕ್ಕಿಲ್ಲದ ಎರಡನ್ನು ಕೂರಿಸುವುದು ಜಾಣತನವಲ್ಲ.

ತಪ್ಪು ಕಲ್ಪನೆ: ವಿಂಡೋಸ್ ಬುದ್ಧಿವಂತ, ಎರಡು ಇದ್ದರೆ ತಾನೇ ಒಂದನ್ನು ಬಂದ್ ಮಾಡುತ್ತದೆ. ಅವಧಿ ಮುಗಿದ ಟ್ರಯಲ್ ಹೇಗೂ ಸತ್ತಂತೆಯೇ.

ವಾಸ್ತವ: ಇದರಲ್ಲಿ ಅರ್ಧ ಸತ್ಯ ಇದೆ, ಮೋಸ ಹೋಗುವುದೂ ಅದಕ್ಕೇ. ಹೊರಗಿನ ಕಂಪನಿಯ ಆಂಟಿವೈರಸ್ ಹಾಕಿದಾಗ ಅದು ವಿಂಡೋಸ್‌ನ ಭದ್ರತಾ ಕೇಂದ್ರದಲ್ಲಿ ತನ್ನ ಹೆಸರು ನೋಂದಾಯಿಸುತ್ತದೆ. ಅದನ್ನು ನೋಡಿ ಡಿಫೆಂಡರ್ ಪಕ್ಕಕ್ಕೆ ಸರಿಯುತ್ತದೆ. ಆದ್ದರಿಂದ ಡಿಫೆಂಡರ್ ಜೊತೆ ಇನ್ನೊಂದು ಎಂಬ ಜೋಡಿ ಸಾಮಾನ್ಯವಾಗಿ ಜಗಳವಾಡುವುದಿಲ್ಲ.

ಆದರೆ ಸರಿಯುವ ಸಂಪ್ರದಾಯ ಡಿಫೆಂಡರ್‌ಗೆ ಮಾತ್ರ. ಹೊರಗಿನ ಎರಡು ಕಂಪನಿಗಳು ಬಂದರೆ ವಿಂಡೋಸ್ ಎರಡನ್ನೂ ನೋಂದಾಯಿಸಿಕೊಂಡು ಸುಮ್ಮನಿರುತ್ತದೆ. ಯಾವುದನ್ನು ಇಟ್ಟುಕೊಳ್ಳಬೇಕೆಂಬ ತೀರ್ಮಾನವನ್ನು ಅದು ಮಾಡುವುದಿಲ್ಲ. ನಮ್ಮ ದಲಾಲಿ ಅಂಗಡಿಯ ಲ್ಯಾಪ್‌ಟಾಪಿನಲ್ಲಿ ಆದದ್ದು ಇದೇ. ಹೊಸದನ್ನು ಹಾಕುವಾಗ ಹಳೆಯದು ಕಂಡರೆ ತೆಗೆಯಿರಿ ಎಂದು ಹಲವು ಆಂಟಿವೈರಸ್‌ಗಳೇ ಕೇಳುತ್ತವೆ. ಅವಸರದಲ್ಲಿ ಆ ಸೂಚನೆಯನ್ನು ದಾಟಿ ಮುಂದೆ ಒತ್ತಿದವರೇ ಹೆಚ್ಚು.

ಇನ್ನು ಅವಧಿ ಮುಗಿದ ಟ್ರಯಲ್. ಅವಧಿ ಮುಗಿದರೆ ಹೊಸ ವೈರಸ್‌ಗಳ ಮಾಹಿತಿ ಬರುವುದು ನಿಲ್ಲುತ್ತದೆ. ಡ್ರೈವರ್ ಮಾತ್ರ ತಾನಾಗಿ ಹೊರಟುಹೋಗುವುದಿಲ್ಲ, ಸೇವೆಗಳೂ ಚಾಲೂ ಆಗುತ್ತಲೇ ಇರುತ್ತವೆ, ದುಡ್ಡು ಕಟ್ಟಿ ಎಂಬ ಕಿಟಕಿ ಏಳುತ್ತಲೇ ಇರುತ್ತದೆ. ಕಾಯುವುದನ್ನು ಬಿಟ್ಟಿದ್ದರೂ ದಾರಿಯಲ್ಲಿ ನಿಂತೇ ಇರುತ್ತದೆ.

ಪಕ್ಕದಲ್ಲಿ ಇನ್ನೊಂದು ಮಾತು. ಎರಡನೆಯದು ಎಂಬುದೆಲ್ಲ ತಪ್ಪಲ್ಲ. ಸದಾ ಕಾವಲಿರದೆ, ನಾವು ಕರೆದಾಗ ಮಾತ್ರ ಬಂದು ಒಮ್ಮೆ ಸ್ಕ್ಯಾನ್ ಮಾಡಿ ಹೋಗುವ ಸಾಧನಗಳಿವೆ. ಮೈಕ್ರೋಸಾಫ್ಟ್‌ನ ಸೇಫ್ಟಿ ಸ್ಕ್ಯಾನರ್ ಅಂಥದು. ಇಳಿಸಿಕೊಂಡ 10 ದಿನಕ್ಕೆ ಅದರ ಅವಧಿ ಮುಗಿಯುತ್ತದೆ, ಮತ್ತೆ ಬೇಕಾದರೆ ಹೊಸದನ್ನು ಇಳಿಸಬೇಕು. ಮಾಲ್‌ವೇರ್‌ಬೈಟ್ಸ್‌ನ ಉಚಿತ ಆವೃತ್ತಿಯೂ ಕರೆದಾಗ ಮಾತ್ರ ಕೆಲಸ ಮಾಡುತ್ತದೆ. ಹಣ ಕೊಟ್ಟು ಪಡೆಯುವ ಆವೃತ್ತಿ ಮತ್ತು ಅದರ ಟ್ರಯಲ್ ಮಾತ್ರ ಸದಾ ಕಾವಲಿಗೆ ಕೂರುತ್ತವೆ ಎಂಬುದನ್ನು ಗಮನದಲ್ಲಿಡಬೇಕು. ಸಂಶಯ ಬಂದಾಗ ಇನ್ನೊಬ್ಬ ವೈದ್ಯರ ಅಭಿಪ್ರಾಯ ಕೇಳಿದ ಹಾಗೆ ಇವನ್ನು ಬಳಸಲು ಯಾವ ಅಡ್ಡಿಯೂ ಇಲ್ಲ.

ತಪ್ಪು ಕಲ್ಪನೆ: ನಿಧಾನವಾಗಿದ್ದರೆ ಯಂತ್ರ ಹಳೆಯದಾಗಿದೆ ಎಂದರ್ಥ, ರ‍್ಯಾಮ್ ಹಾಕಿಸಬೇಕು, ಇಲ್ಲವೇ ಹೊಸದು ಕೊಳ್ಳಬೇಕು.

ವಾಸ್ತವ: ಕೊಳ್ಳುವ ಮೊದಲು ಹತ್ತು ನಿಮಿಷದ ತಪಾಸಣೆ ಮಾಡಿ. ಅದಕ್ಕೆ ಖರ್ಚಿಲ್ಲ.

ಮೊದಲು ಎಷ್ಟು ಆಂಟಿವೈರಸ್ ಇವೆ ಎಂದು ಎಣಿಸಬೇಕು. ಗಡಿಯಾರದ ಪಕ್ಕದ ಚಿಹ್ನೆಗಳನ್ನು ನಂಬಬೇಡಿ, ಅಲ್ಲಿ ಎಲ್ಲವೂ ಕಾಣುವುದಿಲ್ಲ. `Windows Security` ತೆರೆದು, `Settings` ಒಳಗೆ `Manage providers` ಒತ್ತಿದರೆ ನೋಂದಾಯಿಸಿಕೊಂಡಿರುವ ಆಂಟಿವೈರಸ್‌ಗಳ ಹೆಸರು, ಯಾವುದು ಚಾಲೂ ಇದೆ ಎಂಬುದು ಒಂದೇ ಕಡೆ ಸಿಗುತ್ತದೆ. ಅದಕ್ಕಿಂತ ಆಳಕ್ಕೆ ಹೋಗಬೇಕಾದರೆ ಕಮಾಂಡ್ ಪ್ರಾಂಪ್ಟ್ ಅನ್ನು `Run as administrator` ಮೂಲಕ ತೆರೆದು ಇಷ್ಟೇ ಟೈಪ್ ಮಾಡಬೇಕು:

```
fltmc
```

ಫೈಲುಗಳ ದಾರಿಯಲ್ಲಿ ಕೂತ ಡ್ರೈವರ್‌ಗಳ ಪಟ್ಟಿ ಬರುತ್ತದೆ. ಪ್ರತಿಯೊಂದರ ಪಕ್ಕ `Altitude` ಎಂಬ ಸಂಖ್ಯೆ ಇರುತ್ತದೆ. ಸಂಖ್ಯೆ ದೊಡ್ಡದಾದಷ್ಟೂ ಡ್ರೈವರ್ ಮೇಲಿದೆ ಎಂದರ್ಥ. 320000ರಿಂದ 329999ರವರೆಗಿನ ಸಂಖ್ಯೆಗಳನ್ನು ಮೈಕ್ರೋಸಾಫ್ಟ್ ಆಂಟಿವೈರಸ್‌ಗಳಿಗೆಂದೇ ಮೀಸಲಿಟ್ಟಿದೆ. ಡಿಫೆಂಡರ್‌ನದು `WdFilter`, ಅದರ ಸಂಖ್ಯೆ 328010. ಈ ವ್ಯಾಪ್ತಿಯಲ್ಲಿ ಅದನ್ನು ಬಿಟ್ಟು ಬೇರೆ ಬೇರೆ ಕಂಪನಿಗಳ ಎರಡು ಹೆಸರು ಕಂಡರೆ ಸಂಶಯ ನಿಜವಾಯಿತು. ಒಂದೇ ಕಂಪನಿಯ ಎರಡು ಡ್ರೈವರ್ ಇದ್ದರೆ ಗಾಬರಿ ಬೇಡ.

ಆಮೇಲೆ `Ctrl+Shift+Esc` ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆದು `Disk` ಕಾಲಮ್ ನೋಡಿ. ಯಾವ ಕೆಲಸವನ್ನೂ ಕೊಡದೆ ಇರುವಾಗಲೂ ಡಿಸ್ಕ್ 100 ಪ್ರತಿಶತದಲ್ಲೇ ನಿಂತಿದ್ದು, ಪಟ್ಟಿಯ ತಲೆಯಲ್ಲಿ ಎರಡು ಆಂಟಿವೈರಸ್‌ಗಳು ಸರದಿಯಂತೆ ಮೇಲೆ ಕೆಳಗೆ ಆಡುತ್ತಿದ್ದರೆ ಅದೇ ಲಕ್ಷಣ. ತಿರುಗುವ ಹಾರ್ಡ್ ಡಿಸ್ಕಿನಲ್ಲಿ ಇದರ ಪೆಟ್ಟು ಹೆಚ್ಚು, ಏಕೆಂದರೆ ಅದರ ಓದುವ ತಲೆಗಳನ್ನು ಹೊತ್ತ ತೋಳು ಒಂದೇ. ಇಬ್ಬರು ಎರಡು ಕಡೆ ಕರೆದರೆ ಅದು ಅತ್ತಿತ್ತ ಓಡುವುದರಲ್ಲೇ ಹೊತ್ತು ಕಳೆಯುತ್ತದೆ. ಎಸ್‌ಎಸ್‌ಡಿ ಇದ್ದರೆ ಇದೇ ಜಗಳ ಅಷ್ಟು ಎದ್ದು ಕಾಣದು, ಆದರೆ ಇಲ್ಲವೆಂದಲ್ಲ. ರ‍್ಯಾಮ್ ವಿಷಯವೂ ಹಾಗೆಯೇ. ಪ್ರತಿ ಆಂಟಿವೈರಸ್ ವೈರಸ್‌ಗಳ ಗುರುತುಗಳನ್ನು ನೆನಪಿನಲ್ಲಿಟ್ಟುಕೊಳ್ಳಲು ನೂರಾರು ಎಂಬಿ ತಿನ್ನುತ್ತದೆ. 4 ಜಿಬಿ ಯಂತ್ರಕ್ಕೆ ಒಂದು ಸಹ್ಯ, ಎರಡು ಹೊರೆ.

ನಿಧಾನ ಎಂಬುದು ನಮ್ಮ ಅನಿಸಿಕೆಯೇ, ನಿಜವೇ ಎಂದು ತಿಳಿಯಲು ಮೊಬೈಲಿನ ಸ್ಟಾಪ್‌ವಾಚ್ ಸಾಕು. ಸಣ್ಣ ಸಣ್ಣ ಫೈಲುಗಳು ನೂರಾರು ಇರುವ ಒಂದು ಫೋಲ್ಡರನ್ನು ಇನ್ನೊಂದು ಕಡೆ ಕಾಪಿ ಮಾಡಿ, ಹಿಡಿದ ಹೊತ್ತನ್ನು ಬರೆದಿಡಿ. ದೊಡ್ಡದೊಂದು ಸಿನಿಮಾ ಫೈಲ್ ಇದಕ್ಕೆ ಬಾರದು, ಏಕೆಂದರೆ ಆಂಟಿವೈರಸ್‌ಗೆ ಕೆಲಸ ಬೀಳುವುದು ಫೈಲು ತೆರೆದಾಗ, ಮುಚ್ಚಿದಾಗ. ಒಂದು ಆಂಟಿವೈರಸ್ ತೆಗೆದ ಮೇಲೆ ಅದೇ ಫೋಲ್ಡರನ್ನು ಮತ್ತೆ ಕಾಪಿ ಮಾಡಿ ಹೋಲಿಸಿ. ವ್ಯತ್ಯಾಸವೇ ಬಾರದಿದ್ದರೆ ಕಾರಣ ಬೇರೆ ಇದೆ: ಡಿಸ್ಕ್ ಹಾಳಾಗುತ್ತಿರಬಹುದು, ಇಲ್ಲವೇ ಖರೇನೇ ರ‍್ಯಾಮ್ ಸಾಲದಿರಬಹುದು. ಎಲ್ಲ ತಪ್ಪನ್ನೂ ಆಂಟಿವೈರಸ್ ತಲೆಗೆ ಕಟ್ಟುವುದೂ ನ್ಯಾಯವಲ್ಲ.

ಒಂದಕ್ಕೊಂದನ್ನು ಎಕ್ಸ್‌ಕ್ಲೂಷನ್ ಪಟ್ಟಿಯಲ್ಲಿ ಸೇರಿಸಿದರೆ ಎರಡೂ ನೆಮ್ಮದಿಯಿಂದ ಇರುತ್ತವೆ ಎಂಬ ಸಲಹೆಯೂ ಓಡಾಡುತ್ತಿದೆ. ಅದರಿಂದ ಒಂದು ಇನ್ನೊಂದರ ಫೋಲ್ಡರನ್ನು ಪರೀಕ್ಷಿಸುವುದು ನಿಲ್ಲಬಹುದು. ಟ್ಯಾಲಿಯ ಫೈಲುಗಳ ದಾರಿಯಲ್ಲಿ ಮಾತ್ರ ಎರಡೂ ಡ್ರೈವರ್‌ಗಳು ಇದ್ದಲ್ಲೇ ಇರುತ್ತವೆ.

ತಪ್ಪು ಕಲ್ಪನೆ: ಬೇಡವಾದದ್ದನ್ನು ತೆಗೆಯುವುದು ಸುಲಭ, ಡೆಸ್ಕ್‌ಟಾಪಿನ ಐಕಾನ್ ಅಳಿಸಿ, `Program Files` ಒಳಗಿನ ಅದರ ಫೋಲ್ಡರನ್ನು ಡಿಲೀಟ್ ಮಾಡಿದರೆ ಆಯಿತು.

ವಾಸ್ತವ: ಇದು ಎಲ್ಲಕ್ಕಿಂತ ಅಪಾಯದ ನಂಬಿಕೆ. ಆದ್ದರಿಂದ ಇದಕ್ಕೆ ಸ್ವಲ್ಪ ಹೆಚ್ಚು ಜಾಗ ಕೊಡೋಣ.

ಐಕಾನ್ ಎಂದರೆ ಬರೀ ದಾರಿ ತೋರಿಸುವ ಗುರುತು, ಅದನ್ನು ಅಳಿಸಿದರೆ ಏನೂ ಹೋಗದು. ಫೋಲ್ಡರನ್ನು ಅಳಿಸಲು ಹೋದರೆ ಆಂಟಿವೈರಸ್ ಮೊದಲಿಗೆ ಬಿಡುವುದಿಲ್ಲ, ವೈರಸ್‌ಗಳು ತನ್ನನ್ನು ಅಳಿಸದಂತೆ ಅದಕ್ಕೆ ಸ್ವರಕ್ಷಣೆ ಇರುತ್ತದೆ. ಹೇಗೋ ಜಗ್ಗಾಡಿ ಅಳಿಸಿದರೆ ಫೋಲ್ಡರ್ ಹೋಗುತ್ತದೆ, ಆದರೆ ಡ್ರೈವರ್ ವಿಂಡೋಸ್‌ನ ಬೇರೆ ಫೋಲ್ಡರಿನಲ್ಲಿದೆ, ಅದನ್ನು ಚಾಲೂ ಮಾಡಬೇಕೆಂಬ ಆದೇಶ ರಿಜಿಸ್ಟ್ರಿಯಲ್ಲಿದೆ. ಅಂಗಾಂಗ ಕಳೆದುಕೊಂಡ ಆ ಡ್ರೈವರ್ ಬೂಟ್ ಆಗುವಾಗ ಎಬ್ಬಿಸಲ್ಪಟ್ಟು ವಿಂಡೋಸ್‌ಅನ್ನೇ ನಿಲ್ಲಿಸಬಹುದು. ಇಲ್ಲವೇ ಕಂಪ್ಯೂಟರ್ ಏಳುತ್ತದೆ, ಇಂಟರ್ನೆಟ್ ಮಾತ್ರ ಇರುವುದಿಲ್ಲ, ಏಕೆಂದರೆ ಹಲವು ಆಂಟಿವೈರಸ್‌ಗಳು ಜಾಲದ ದಾರಿಯಲ್ಲೂ ತಮ್ಮ ಶೋಧಕವನ್ನು ಇಟ್ಟಿರುತ್ತವೆ.

ಸರಿಯಾದ ಕ್ರಮವನ್ನು ನಮ್ಮ ಲ್ಯಾಪ್‌ಟಾಪ್ ಮೇಲೆಯೇ ನಡೆಸಿ ನೋಡೋಣ. ಡಬ್ಬಿಯ ಆಂಟಿವೈರಸ್ ಉಳಿಸಿಕೊಂಡು ಟ್ರಯಲ್ ತೆಗೆಯುವುದು ಎಂದು ತೀರ್ಮಾನವಾಗಿದೆ ಎಂದುಕೊಳ್ಳಿ.

ಕೆಲಸಕ್ಕೆ ಕೈ ಹಾಕುವ ಮೊದಲೇ ಟ್ಯಾಲಿ ಡೇಟಾ, ಮುಖ್ಯ ಕಾಗದಪತ್ರಗಳನ್ನು ಹೊರಗಿನ ಡಿಸ್ಕಿಗೆ ಕಾಪಿ ಮಾಡಿ, ಆ ಡಿಸ್ಕನ್ನು ಬಿಚ್ಚಿಡಿ. ಆಂಟಿವೈರಸ್ ತೆಗೆದರೆ ಲೆಕ್ಕದ ಡೇಟಾ ಅಳಿಸಿಹೋಗುತ್ತದೆ ಎಂಬ ಭಯ ಹಲವರಿಗಿದೆ. ಹಾಗೇನೂ ಆಗದು, ಅದು ತನ್ನ ಫೈಲುಗಳನ್ನು ಮಾತ್ರ ತೆಗೆಯುತ್ತದೆ. ಆದರೂ ನಡುವೆ ಯಂತ್ರ ಏಳದಿದ್ದರೆ ಕೈಯಲ್ಲಿ ಒಂದು ಪ್ರತಿ ಇರಬೇಕು. ಹೊರಡುತ್ತಿರುವ ಆಂಟಿವೈರಸ್ ಪ್ರತ್ಯೇಕಿಸಿಟ್ಟ ಫೈಲುಗಳ ಪಟ್ಟಿಯನ್ನೂ ಒಮ್ಮೆ ತೆರೆದು ನೋಡಿ. ನಮ್ಮದೇ ಒಳ್ಳೆಯ ಫೈಲು ತಪ್ಪಾಗಿ ಅಲ್ಲಿ ಸಿಕ್ಕಿಬಿದ್ದಿದ್ದರೆ ಆಂಟಿವೈರಸ್ ಜೊತೆ ಅದೂ ಹೋಗಬಹುದು.

ಉಳಿಸಿಕೊಳ್ಳುವ ಆಂಟಿವೈರಸ್‌ನ ಪ್ರಾಡಕ್ಟ್ ಕೀ, ನೋಂದಾಯಿಸಿದ ಮೊಬೈಲ್ ನಂಬರ್, ಇಮೇಲ್ ಇವನ್ನು ಕಾಗದದ ಮೇಲೆ ಬರೆದಿಡಿ. ಕಂಪ್ಯೂಟರಿನೊಳಗೇ ಬರೆದಿಟ್ಟರೆ ಬೇಕಾದಾಗ ಸಿಗದು. ಅದರ ಇನ್‌ಸ್ಟಾಲರ್ ಮತ್ತು ತೆಗೆಯುವ ಕಂಪನಿಯ ರಿಮೂವಲ್ ಟೂಲ್, ಎರಡನ್ನೂ ಆಯಾ ಕಂಪನಿಯ ಸ್ವಂತ ತಾಣದಿಂದ ಮೊದಲೇ ಇಳಿಸಿಕೊಳ್ಳಿ. ನಡುವೆ ಇಂಟರ್ನೆಟ್ ಕೈಕೊಟ್ಟರೆ ಆಮೇಲೆ ಇಳಿಸಲಾಗದು. ಹುಡುಕಿದಾಗ ಮೊದಲು ಕಾಣುವ ಜಾಹೀರಾತಿನ ಕ್ಲೀನರ್‌ಗಳನ್ನು ಮುಟ್ಟಬೇಡಿ. ಲ್ಯಾಪ್‌ಟಾಪಿಗೆ ಚಾರ್ಜರ್ ಹಾಕಿರಲಿ, ಡೆಸ್ಕ್‌ಟಾಪ್ ಆದರೆ ಯುಪಿಎಸ್ ಸರಿ ಇರಲಿ. ತೆಗೆಯುವ ಕೆಲಸ ಅರ್ಧಕ್ಕೆ ಬಂದಾಗ ಹೆಸ್ಕಾಂ ಕರೆಂಟ್ ಹೋದರೆ ಉಳಿಯುವುದು ಮೇಲೆ ಹೇಳಿದ ಅಂಗಹೀನ ಸ್ಥಿತಿಯೇ.

ಈಗ `Settings`, `Apps`, `Installed apps` ದಾರಿಯಲ್ಲಿ ಹೋಗಿ ಟ್ರಯಲ್‌ನ ಹೆಸರಿನ ಮುಂದೆ `Uninstall` ಒತ್ತಿ. ಪಾಸ್‌ವರ್ಡ್ ಕೇಳಿದರೆ, ಸ್ವರಕ್ಷಣೆ ಅಡ್ಡ ಬಂದರೆ, ಅದರದೇ ಸೆಟ್ಟಿಂಗ್‌ನಲ್ಲಿ ಅದನ್ನು ಬಂದ್ ಮಾಡಿ ಮುಂದುವರಿಯಬೇಕು. ಕೆಲವು ಆಂಟಿವೈರಸ್‌ಗಳು ಪೂರ್ತಿ ತೆಗೆಯಲೇ, ಸೆಟ್ಟಿಂಗ್ ಉಳಿಸಲೇ ಎಂದು ಕೇಳುತ್ತವೆ, ಪೂರ್ತಿ ಎನ್ನಿ. ಅದೇ ಕಂಪನಿಯ ಬ್ರೌಸರ್ ರಕ್ಷಕ, ವಿಪಿಎನ್ ಬೇರೆ ಹೆಸರಲ್ಲಿ ಪಟ್ಟಿಯಲ್ಲಿದ್ದರೆ ಅವನ್ನೂ ತೆಗೆಯಿರಿ.

ಇನ್ನು ಹಲವರು ಎಡವುವ ಜಾಗ. ಕೆಲಸ ಮುಗಿಯಿತೆಂದು ಶಟ್‌ಡೌನ್ ಮಾಡಿ ಮತ್ತೆ ಚಾಲೂ ಮಾಡುತ್ತಾರೆ. ವಿಂಡೋಸ್‌ನಲ್ಲಿ ಫಾಸ್ಟ್ ಸ್ಟಾರ್ಟ್‌ಅಪ್ ಎಂಬ ಏರ್ಪಾಡಿದೆ. ಅದು ಚಾಲೂ ಇದ್ದರೆ ಶಟ್‌ಡೌನ್ ಮಾಡಿದಾಗ ಒಳತಿರುಳು ಪೂರ್ತಿ ಮುಚ್ಚುವುದಿಲ್ಲ, ಅದರ ಸ್ಥಿತಿ ಡಿಸ್ಕಿನಲ್ಲಿ ಉಳಿದು ಮರುದಿನ ಹಾಗೆಯೇ ಎದ್ದು ಬರುತ್ತದೆ. ಡ್ರೈವರ್ ಕೂತಿರುವುದೇ ಆ ಒಳತಿರುಳಿನಲ್ಲಿ. ಆದ್ದರಿಂದ `Restart` ಅನ್ನೇ ಒತ್ತಬೇಕು. ರೀಸ್ಟಾರ್ಟ್ ಆದ ಮೇಲೆ ಮತ್ತೆ `fltmc` ನೋಡಿ. ಟ್ರಯಲ್‌ನ ಹೆಸರು ಹೋಗಿದ್ದರೆ ಕೆಲಸ ಮುಗಿಯಿತು.

ಇನ್ನೂ ಇದ್ದರೆ ರಿಮೂವಲ್ ಟೂಲ್‌ನ ಸರದಿ. ಮ್ಯಾಕಫಿಗೆ `MCPR`, ಅವಾಸ್ಟ್‌ಗೆ `avastclear`, ಕ್ಯಾಸ್ಪರ್‌ಸ್ಕಿಗೆ `kavremover` ಹೀಗೆ ದೊಡ್ಡ ಕಂಪನಿಗಳ ಸಾಧನಗಳಿವೆ. ನಾರ್ಟನ್‌ನದರಲ್ಲಿ ಎಚ್ಚರ ಬೇಕು. ಅದರ ಹೆಸರೇ `Norton Remove and Reinstall`. ಸುಮ್ಮನೆ ಮುಂದೆ ಒತ್ತುತ್ತ ಹೋದರೆ ತೆಗೆದು ಮತ್ತೆ ಹಾಕುತ್ತದೆ. ತೆಗೆಯುವುದು ಮಾತ್ರ ಎಂಬ ಆಯ್ಕೆ `Advanced Options` ಒಳಗೆ ಸಿಗುತ್ತದೆ. ಅವಾಸ್ಟ್, ಇಸೆಟ್ ಸಾಧನಗಳನ್ನು ಸೇಫ್ ಮೋಡ್‌ನಲ್ಲಿ ನಡೆಸಲು ಆ ಕಂಪನಿಗಳೇ ಹೇಳುತ್ತವೆ. ಶಿಫ್ಟ್ ಹಿಡಿದು `Restart` ಒತ್ತಿದರೆ ಅಲ್ಲಿಗೆ ಹೋಗುವ ದಾರಿ ಸಿಗುತ್ತದೆ. ಅದಕ್ಕೂ ಮೊದಲು ಒಂದು ಪರಿಶೀಲನೆ ಆಗಲೇಬೇಕು. ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಡಿಸ್ಕ್ ಹೆಚ್ಚಾಗಿ ಬಿಟ್‌ಲಾಕರ್‌ನಿಂದ ಬೀಗ ಹಾಕಿಯೇ ಬರುತ್ತದೆ. ಸೇಫ್ ಮೋಡ್‌ಗೆ ಹೊರಟಾಗ ಅದು 48 ಅಂಕಿಗಳ ರಿಕವರಿ ಕೀ ಕೇಳಬಹುದು. ಆ ಕೀ ಮಾಲೀಕರ ಮೈಕ್ರೋಸಾಫ್ಟ್ ಖಾತೆಯಲ್ಲಿರುತ್ತದೆ. `aka.ms/myrecoverykey` ತಾಣದಲ್ಲಿ ಬೇರೆ ಫೋನಿನಿಂದ ನೋಡಿ ಬರೆದುಕೊಳ್ಳಿ. ಕೀ ಸಿಗದಿದ್ದರೆ ಸೇಫ್ ಮೋಡ್ ಕಡೆ ಹೆಜ್ಜೆ ಇಡಬೇಡಿ.

ಎಲ್ಲ ಮುಗಿದ ಮೇಲೆ ವೈಫೈ ಸೇರಿದ್ದರೂ ಯಾವ ಪುಟವೂ ತೆರೆಯದಿದ್ದರೆ ಜಾಲದ ದಾರಿಯಲ್ಲಿ ಹಳೆಯದರ ಕುರುಹು ಉಳಿದಿದೆ. ಅಡ್ಮಿನಿಸ್ಟ್ರೇಟರ್ ಕಮಾಂಡ್ ಪ್ರಾಂಪ್ಟ್‌ನಲ್ಲಿ ಈ ಎರಡು ಸಾಲು ಕೊಟ್ಟು ರೀಸ್ಟಾರ್ಟ್ ಮಾಡಿ:

```
netsh winsock reset
netsh int ip reset
```

ಕೈಯಿಂದ ಐಪಿ ವಿಳಾಸ ಹಾಕಿದ ಕಚೇರಿಯ ಕಂಪ್ಯೂಟರ್ ಆದರೆ ಅದನ್ನು ಮೊದಲೇ ಬರೆದಿಡಬೇಕು, ಎರಡನೆಯ ಸಾಲು ಅದನ್ನು ಅಳಿಸುತ್ತದೆ. ಎರಡೂ ಆಂಟಿವೈರಸ್ ಅರ್ಧಂಬರ್ಧ ಕೆಟ್ಟು ಕೂತಿದ್ದರೆ ಒಂದನ್ನು ಉಳಿಸಲು ಹೆಣಗಬೇಡಿ. ಒಂದಾದ ಮೇಲೊಂದರಂತೆ, ನಡುನಡುವೆ ರೀಸ್ಟಾರ್ಟ್ ಮಾಡುತ್ತ ಎರಡನ್ನೂ ತೆಗೆದು, ಬೇಕಾದ ಒಂದನ್ನು ಹೊಸದಾಗಿ ಹಾಕಿ. ಹಾಗೆಯೇ, ತೆಗೆದ ಮಾತ್ರಕ್ಕೆ ಚಂದಾ ನಿಲ್ಲುವುದಿಲ್ಲ. ಟ್ರಯಲ್‌ಗೆ ಕಾರ್ಡ್ ಅಥವಾ ಯುಪಿಐ ಆಟೋಪೇ ಕೊಟ್ಟಿದ್ದರೆ ಅದನ್ನು ಪ್ರತ್ಯೇಕವಾಗಿ ರದ್ದು ಮಾಡಬೇಕು.

ತಪ್ಪು ಕಲ್ಪನೆ: ಒಂದನ್ನು ತೆಗೆದು ಇನ್ನೊಂದು ಹಾಕುವ ನಡುವಿನ ಹೊತ್ತಿನಲ್ಲಿ ವೈರಸ್ ನುಗ್ಗುತ್ತದೆ.

ವಾಸ್ತವ: ಹೊರಗಿನ ಆಂಟಿವೈರಸ್ ಹೊರಟ ಕೂಡಲೇ ಡಿಫೆಂಡರ್ ಮತ್ತೆ ಕೆಲಸಕ್ಕೆ ಬರುತ್ತದೆ, ರೀಸ್ಟಾರ್ಟ್ ಆದ ಮೇಲೆ `Windows Security` ಯಲ್ಲಿ ಅದನ್ನು ನೋಡಿ ಖಚಿತಪಡಿಸಿಕೊಳ್ಳಬಹುದು. ಆ ಅರ್ಧ ಗಂಟೆ ಪೆನ್‌ಡ್ರೈವ್ ಹಾಕದೆ, ಮೇಲ್ ತೆರೆಯದೆ ಇದ್ದರೆ ಸಾಕು.

ತಪ್ಪು ಕಲ್ಪನೆ: ಉಚಿತವಾಗಿ ಬಂದ ಡಿಫೆಂಡರ್ ಲೆಕ್ಕಕ್ಕಿಲ್ಲ, ದುಡ್ಡು ಹೆಚ್ಚಾದಷ್ಟೂ ಆಂಟಿವೈರಸ್ ಒಳ್ಳೆಯದು.

ವಾಸ್ತವ: ವಿಂಡೋಸ್ 7ರ ಕಾಲದಲ್ಲಿ ಈ ಮಾತಿಗೆ ಆಧಾರ ಇತ್ತು. ಆಗ ವಿಂಡೋಸ್ ಜೊತೆ ಬರುತ್ತಿದ್ದ ಡಿಫೆಂಡರ್ ಬೇಹುಗಾರಿಕೆ ತಂತ್ರಾಂಶಗಳನ್ನು ಮಾತ್ರ ಹಿಡಿಯುತ್ತಿತ್ತು. ಅದು ಪೂರ್ಣ ಆಂಟಿವೈರಸ್ ಆದದ್ದು 2012ರಲ್ಲಿ, ವಿಂಡೋಸ್ 8ರಿಂದ. ಜರ್ಮನಿಯ ಮಾಗ್ಡೆಬುರ್ಗ್‌ನಲ್ಲಿರುವ ಎವಿ-ಟೆಸ್ಟ್ ಸಂಸ್ಥೆ ಆಂಟಿವೈರಸ್‌ಗಳಿಗೆ ರಕ್ಷಣೆ, ವೇಗ, ಬಳಕೆ ಈ ಮೂರಕ್ಕೆ ತಲಾ 6ರಂತೆ 18 ಅಂಕ ಕೊಡುತ್ತದೆ. ಇತ್ತೀಚಿನ ವರ್ಷಗಳಲ್ಲಿ ಡಿಫೆಂಡರ್ ಹಲವು ಬಾರಿ ಪೂರ್ತಿ ಅಂಕ ಪಡೆದಿದೆ. ಅಂಗಡಿಯಲ್ಲಿ ಕೇಳುವ ಹೆಸರಿಗಿಂತ ಈ ಅಂಕಪಟ್ಟಿಯನ್ನು ನೋಡಿ ಆರಿಸುವುದು ಒಳ್ಳೆಯದು, ಅದರಲ್ಲೂ ಹಳೆಯ ಯಂತ್ರಕ್ಕೆ ವೇಗದ ಅಂಕವನ್ನು.

ಡಿಫೆಂಡರ್‌ಗೂ ಮಿತಿಗಳಿವೆ. ಹೊಸ ವೈರಸ್ ಗುರುತಿಸಲು ಅದು ಮೈಕ್ರೋಸಾಫ್ಟ್‌ನ ಸರ್ವರ್‌ಗಳನ್ನು ಬಹಳ ನೆಚ್ಚಿಕೊಂಡಿದೆ, ಇಂಟರ್ನೆಟ್ ಇಲ್ಲದಾಗ ಅದರ ಹಿಡಿತ ಸಡಿಲ. ಪೆನ್‌ಡ್ರೈವ್ ಚುಚ್ಚಿದ ಕೂಡಲೇ ಅದನ್ನು ಪೂರ್ತಿ ಸ್ಕ್ಯಾನ್ ಮಾಡುವುದಿಲ್ಲ, ಒಳಗಿನ ಫೈಲ್ ತೆರೆದಾಗ ಮಾತ್ರ ನೋಡುತ್ತದೆ. ಇದರಿಂದ ಆಯ್ಕೆ ಕೆಲಸಕ್ಕೆ ತಕ್ಕಂತೆ ಬದಲಾಗುತ್ತದೆ. ದಿನವಿಡೀ ವಿದ್ಯಾರ್ಥಿಗಳ ಪೆನ್‌ಡ್ರೈವ್ ಬಂದು ಹೋಗುವ ಧಾರವಾಡದ ಡಿಟಿಪಿ ಅಂಗಡಿಗೆ, ಪೆನ್‌ಡ್ರೈವ್ ಹಾಕಿದಾಗಲೇ ಸ್ಕ್ಯಾನ್ ಮಾಡುವ, ಇಂಟರ್ನೆಟ್ ಇಲ್ಲದೆಯೂ ಚೆನ್ನಾಗಿ ಹಿಡಿಯುವ ಆಂಟಿವೈರಸ್‌ಗೆ ಹಣ ಕೊಡುವುದು ಸರಿಯಾದ ಖರ್ಚು. ಪುಣೆಯ ಕ್ವಿಕ್ ಹೀಲ್, ಚೆನ್ನೈನ ಕೆ7 ನಮ್ಮ ಕಡೆ ಸುಲಭವಾಗಿ ಸಿಗುತ್ತವೆ. ಕೆಟ್ಟರೆ ಹತ್ತಿರದಲ್ಲೇ ಕೇಳಲು ಮಾರಾಟಗಾರರು ಇರುತ್ತಾರೆ ಎಂಬುದೂ ಒಂದು ಕಾರಣವೇ. ಮನೆಯಲ್ಲಿ ಓದು, ಬ್ಯಾಂಕ್ ಕೆಲಸಕ್ಕೆ ಇಟ್ಟ, ಸದಾ ಇಂಟರ್ನೆಟ್ ಇರುವ ಲ್ಯಾಪ್‌ಟಾಪಿಗೆ ಡಿಫೆಂಡರ್ ಸಾಕು ಎಂಬುದು ನಮ್ಮ ಅಭಿಪ್ರಾಯ. ಯಾವುದನ್ನು ಆರಿಸಿದರೂ ವಿಂಡೋಸ್ ಅಪ್‌ಡೇಟ್‌ಗೆ ಅದು ಬದಲಿಯಲ್ಲ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಅಲ್ಲಿಯೇ ಉಳಿದ ಯಂತ್ರಗಳಲ್ಲಿ ತೆರೆದುಕೊಳ್ಳುವ ಬಿರುಕನ್ನು ಆಂಟಿವೈರಸ್ ಮುಚ್ಚಲಾರದು.

ನಮ್ಮ ದಲಾಲಿ ಅಂಗಡಿಗೆ ಬಂದರೆ, ಡಬ್ಬಿಯ ಲೈಸೆನ್ಸ್ ಇರುವಷ್ಟು ಕಾಲ ಅದನ್ನೇ ಇಟ್ಟುಕೊಳ್ಳಲಿ, ಹಣ ಆಗಲೇ ಕೊಟ್ಟಾಗಿದೆ. ಅದರ ಪೂರ್ತಿ ಸ್ಕ್ಯಾನ್ ಯಾವ ಹೊತ್ತಿಗೆ ನಿಗದಿಯಾಗಿದೆ ಎಂದು ನೋಡಿ, ಟೆಂಡರ್ ನಡೆಯುವ ಹೊತ್ತಿನಿಂದ ಸಂಜೆಗೆ ತಳ್ಳಬೇಕು. ಅದು ಖರೇ ಎಚ್ಚರವಾಗಿದೆಯೇ ಎಂದು ತಿಳಿಯಲು ಐಕಾರ್ ಸಂಸ್ಥೆಯ `eicar.org` ತಾಣದಲ್ಲಿ 68 ಬೈಟ್‌ನ ಒಂದು ಪರೀಕ್ಷಾ ಫೈಲ್ ಸಿಗುತ್ತದೆ. ಅದರಿಂದ ಯಾವ ಹಾನಿಯೂ ಇಲ್ಲ. ಎಲ್ಲ ಆಂಟಿವೈರಸ್‌ಗಳೂ ಅದನ್ನು ವೈರಸ್ ಎಂದು ಹಿಡಿಯಬೇಕೆಂಬ ಒಪ್ಪಂದವಿದೆ. ಇಳಿಸಲು ಹೋದ ಕೂಡಲೇ ಒಂದೇ ಎಚ್ಚರಿಕೆ ಬಂದರೆ ಸರಿ. ಎರಡು ಕಂಪನಿಗಳಿಂದ ಎರಡು ಬಂದರೆ ತೆಗೆಯುವ ಕೆಲಸ ಇನ್ನೂ ಬಾಕಿ ಇದೆ. ಲೈಸೆನ್ಸ್ ಮುಗಿಯುವ ತಾರೀಕನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿ, ಆ ದಿನ ನವೀಕರಿಸಬೇಕು, ಇಲ್ಲವೇ ಇದೇ ಕ್ರಮದಲ್ಲಿ ತೆಗೆದು ಡಿಫೆಂಡರ್‌ಗೆ ಬಿಟ್ಟುಕೊಡಬೇಕು.